ನನ್ನ ಲ್ಯಾಪ್‌ಟಾಪಿನ ಮೌಸು ಮೂರನೇ ಬೆಂಚಿನ ಹುಡುಗನ ಕೈಯಲ್ಲಿತ್ತು

ಫೋನನ್ನೇ ಮೌಸು, ಕೀಬೋರ್ಡು, ಸ್ಲೈಡ್ ಬದಲಿಸುವ ಕ್ಲಿಕ್ಕರ್ ಮಾಡಿಕೊಂಡು ಪಾಠ ಮಾಡುವ ಮೇಷ್ಟ್ರುಗಳೇ, ಮೇಡಂಗಳೇ, ಇದನ್ನು ಪೂರ್ತಿ ಓದಿ. ನನಗೆ ಆದದ್ದು ಮೂವತ್ತು ಸೆಕೆಂಡಿನ ಅವಮಾನ ಅಷ್ಟೇ. ಆಗಬಹುದಾಗಿದ್ದದ್ದನ್ನು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಹಾಸನ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತೇನೆ. ಅವತ್ತು ಸೆಮಿನಾರ್ ಹಾಲ್‌ನಲ್ಲಿ ಐದನೇ ಸೆಮಿಸ್ಟರಿನವರಿಗೆ ಜಿಎಸ್‌ಟಿ ಮೇಲೆ ಕ್ಲಾಸು. ಲ್ಯಾಪ್‌ಟಾಪು ಪ್ರೊಜೆಕ್ಟರಿನ ಪಕ್ಕದಲ್ಲಿ, ನಾನು ಫೋನ್ ಹಿಡಿದು ಸಾಲುಗಳ ನಡುವೆ ಓಡಾಡುತ್ತಿದ್ದೆ. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟಿನ ಉದಾಹರಣೆ ವಿವರಿಸುವಾಗ ಸ್ಲೈಡ್ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆ ತಂದೆ. ಮತ್ತೆ ಹೋಯಿತು. ಬೆರಳು ತಗುಲಿರಬೇಕು ಎಂದುಕೊಂಡು ಫೋನನ್ನು ಮೇಜಿನ ಮೇಲಿಟ್ಟು ಕೈ ತೆಗೆದೆ. ಆಗಲೂ ಗೋಡೆಯ ಮೇಲೆ ಪಾಯಿಂಟರ್ ಮೆಲ್ಲಗೆ ಕೆಳಗಿಳಿಯಿತು, ಸ್ಟಾರ್ಟ್ ಮೆನು ತೆರೆಯಿತು, ಹುಡುಕುವ ಜಾಗದಲ್ಲಿ `ia` ಎಂದು ಎರಡು ಅಕ್ಷರ ಬಿದ್ದವು. ವಿಂಡೋಸ್ ತಕ್ಷಣ ತನ್ನ ಪಟ್ಟಿ ಬಿಚ್ಚಿತು: `IA Marks V Sem final.xlsx`.

ಇಡೀ ಹಾಲ್ ಹೋ ಎಂದಿತು. ನಾನು ಓಡಿಹೋಗಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದೆ. ಎಂಟರ್ ಒಂದು ಒತ್ತಿದ್ದರೆ ಒಬ್ಬೊಬ್ಬರ ಇಂಟರ್ನಲ್ ಅಂಕವೂ ಹೆಸರು ಸಮೇತ ಗೋಡೆಯ ಮೇಲಿರುತ್ತಿತ್ತು.

ಮಾಡಿದ್ದು ಮೂರನೇ ಬೆಂಚಿನ ಹುಡುಗ. ಕ್ಲಾಸು ಮುಗಿದ ಮೇಲೆ ಅವನೇ ಬಂದು ಒಪ್ಪಿಕೊಂಡ. "ಮೇಡಂ, ಬೇಕಂತ ಮಾಡಿಲ್ಲ. ಮನೇಲಿ ಪಿಕ್ಚರ್ ನೋಡೋಕೆ ಅಂತ ಅದೇ ಆ್ಯಪ್ ಹಾಕ್ಕೊಂಡಿದೀನಿ. ನೀವು ಬಳಸ್ತಿದ್ದದ್ದು ನೋಡಿ ಓಪನ್ ಮಾಡ್ದೆ, ನಿಮ್ಮ ಲ್ಯಾಪ್‌ಟಾಪ್ ಹೆಸರು ಲಿಸ್ಟಲ್ಲಿ ಬಂತು, ಮುಟ್ಟಿದೆ ಅಷ್ಟೇ."

"ಪಾಸ್‌ವರ್ಡ್ ಕೇಳ್ಲಿಲ್ವೇನೋ?"

"ಏನೂ ಕೇಳ್ಲಿಲ್ಲ ಮೇಡಂ."

ಅವನ ಮೇಲಿದ್ದ ಸಿಟ್ಟು ಆ ಮಾತಿಗೇ ಇಳಿಯಿತು. ಇವನು ಕಳ್ಳನಲ್ಲ, ಬೀಗವೇ ಇಲ್ಲದ ಬಾಗಿಲನ್ನು ತಳ್ಳಿ ನೋಡಿದವನು.

ಈ ಆ್ಯಪ್ ನನ್ನ ಲ್ಯಾಪ್‌ಟಾಪಿಗೆ ಬಂದದ್ದು ಎಂಟು ತಿಂಗಳ ಹಿಂದೆ, ಕೀಬೋರ್ಡಿನ ಮೇಲೆ ಕಾಫಿ ಚೆಲ್ಲಿ ಎಡಗಡೆಯ ನಾಲ್ಕಾರು ಕೀಗಳು ಸತ್ತಾಗ. ಫೋನಿನಲ್ಲಿ ಒಂದು ಆ್ಯಪು, ಲ್ಯಾಪ್‌ಟಾಪಿನಲ್ಲಿ ಅದರ ಜೋಡಿ ಪ್ರೋಗ್ರಾಮು, ಎರಡೂ ಒಂದೇ ವೈಫೈನಲ್ಲಿದ್ದರೆ ಸಾಕು. ಕೀಬೋರ್ಡ್ ರಿಪೇರಿಯಾದ ಮೇಲೂ ಬಿಡದಿರಲು ಕಾರಣ ಕನ್ನಡ. ಫೋನಿಗೆ ಕನ್ನಡದಲ್ಲಿ ಮಾತಾಡಿದರೆ ಸಾಕು, ಅಕ್ಷರಗಳು ನೇರ ಲ್ಯಾಪ್‌ಟಾಪಿನ ವರ್ಡ್ ಫೈಲಿಗೆ ಬೀಳುತ್ತಿದ್ದವು. ನುಡಿ ಕೀಲಿಮಣೆ ಕಲಿಯಲು ಎಂದೂ ತಾಳ್ಮೆ ಸಾಲದ ನನಗೆ ಅದು ವರವೇ ಆಗಿತ್ತು. ಆ್ಯಪಿನ ಹೆಸರು ಹೇಳುವುದಿಲ್ಲ. ಇಂಥವು ಹತ್ತಾರಿವೆ, ಒಳಗಿನ ರಚನೆ ಹೆಚ್ಚುಕಡಿಮೆ ಒಂದೇ.

ಆ ರಚನೆಯೇ ಇಲ್ಲಿನ ತೊಡಕು. ಲ್ಯಾಪ್‌ಟಾಪಿನ ಜೋಡಿ ಪ್ರೋಗ್ರಾಮು ಪೋರ್ಟ್ ಎಂಬ ಒಂದು ಬಾಗಿಲು ತೆರೆದು ಕಾಯುತ್ತಾ ಕೂರುತ್ತದೆ. ಫೋನಿನ ಆ್ಯಪು ವೈಫೈನಲ್ಲಿ "ಯಾರಾದರೂ ಇದ್ದೀರಾ?" ಎಂದು ಕೂಗುತ್ತದೆ, ಪ್ರೋಗ್ರಾಮು ತನ್ನ ಹೆಸರು ಹೇಳಿ ಓಗೊಡುತ್ತದೆ. ಕೂಗಿದ್ದು ನನ್ನ ಫೋನೋ ಬೇರೆಯವರದೋ ಎಂದು ಅದು ವಿಚಾರಿಸುವುದೇ ಇಲ್ಲ. ಪಾಸ್‌ವರ್ಡ್ ಇಡುವ ಜಾಗ ಸೆಟ್ಟಿಂಗಿನಲ್ಲಿತ್ತು, ಆದರೆ ಮೊದಲಿನಿಂದಲೂ ಖಾಲಿ. ನಾನು ಆ ಪುಟವನ್ನು ತೆರೆದು ನೋಡಿರಲೇ ಇಲ್ಲ. ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಫೈರ್‌ವಾಲ್ ಒಂದು ಪ್ರಶ್ನೆ ಕೇಳಿತ್ತು, ಪ್ರೈವೇಟ್ ನೆಟ್‌ವರ್ಕಿಗೆ ಬಿಡಲೋ ಪಬ್ಲಿಕ್‌ಗೂ ಬಿಡಲೋ ಎಂದು. ನಾನು ಎರಡಕ್ಕೂ ಟಿಕ್ ಹಾಕಿದ್ದೆ. ಆ ಒಂದು ಟಿಕ್ಕಿನಿಂದ ಕಾಲೇಜಿನ ವೈಫೈ, ಲಾಡ್ಜಿನ ವೈಫೈ ಎಲ್ಲವೂ ನಮ್ಮ ಮನೆಯ ಪಡಸಾಲೆಯಾಯಿತು.

ಅವತ್ತು ರಾತ್ರಿ ಯಜಮಾನರ ಫೋನಿಗೆ ಅದೇ ಆ್ಯಪ್ ಹಾಕಿ ನೋಡಿದೆ. ಹೊಸ ಫೋನು, ಆ ಲ್ಯಾಪ್‌ಟಾಪನ್ನು ಎಂದೂ ಕಾಣದ್ದು. ಹೆಸರು ಬಂತು, ಮುಟ್ಟಿದೆ, ಸೇರಿಕೊಂಡಿತು. ಲ್ಯಾಪ್‌ಟಾಪಿನ ಪರದೆಯಲ್ಲಿ ಹೊಸಬರು ಬಂದರು ಎಂಬ ಸೂಚನೆಯೂ ಇಲ್ಲ. ಫೋನಿನಿಂದ ವಿಂಡೋಸ್ ಕೀ ಮತ್ತು R ಒತ್ತಿ `cmd` ಎಂದು ಟೈಪಿಸಿದೆ, ಕಪ್ಪು ಕಿಟಕಿ ತೆರೆಯಿತು. ನನಗೆ ಭಯವಾದದ್ದು ಅಲ್ಲಿ. ಕೀಬೋರ್ಡ್ ಯಾರ ಕೈಯಲ್ಲಿದೆಯೋ ಕಂಪ್ಯೂಟರ್ ಅವರದೇ. ಫೈಲ್ ಅಳಿಸಬಹುದು, ತೆರೆದಿರುವ ಮೇಲ್‌ನಿಂದ ನನ್ನ ಹೆಸರಲ್ಲಿ ಪತ್ರ ಕಳಿಸಬಹುದು, ಒಂದು ಸಾಲಿನ ಆಜ್ಞೆ ಟೈಪಿಸಿ ಬೇಡದ ಪ್ರೋಗ್ರಾಮು ಇಳಿಸಿಕೊಳ್ಳಬಹುದು. ವಿಂಡೋಸಿನ ಲೆಕ್ಕದಲ್ಲಿ ಅದನ್ನೆಲ್ಲ ಒತ್ತಿದವಳು ನಾನೇ.

ಎರಡನೆಯ ಸಂಗತಿ ಇನ್ನೂ ಕೆಟ್ಟದ್ದು. ಎಡಗಡೆಯ ಕೀಗಳು ಸತ್ತಿದ್ದ ಆ ಮೂರು ವಾರ ವಿಶ್ವವಿದ್ಯಾಲಯದ ಪೋರ್ಟಲ್‌ಗೆ ಇಂಟರ್ನಲ್ ಅಂಕ ತುಂಬಿದ್ದು ಫೋನಿನ ಕೀಬೋರ್ಡಿನಿಂದಲೇ, ಸ್ಟಾಫ್ ರೂಮಿನಲ್ಲಿ ಕೂತು, ಕಾಲೇಜಿನ ವೈಫೈ ಮೇಲೆ. ಪಾಸ್‌ವರ್ಡ್ ಕೂಡ. ಕಂಪ್ಯೂಟರ್ ಸೈನ್ಸ್ ವಿಭಾಗದ ಗೆಳತಿಗೆ ಹೇಳಿದಾಗ ಅವಳು ನನ್ನ ಲ್ಯಾಪ್‌ಟಾಪಿನಲ್ಲಿ ನೆಟ್‌ವರ್ಕಿನಲ್ಲಿ ಹರಿಯುವುದನ್ನೆಲ್ಲ ಬಿಚ್ಚಿ ತೋರಿಸುವ ವೈರ್‌ಶಾರ್ಕ್ ಎಂಬ ಪ್ರೋಗ್ರಾಮು ಹಾಕಿ, "ಏನಾದ್ರೂ ಟೈಪ್ ಮಾಡೇ" ಎಂದಳು. ನಾನು ಫೋನಿನಲ್ಲಿ `mysore` ಎಂದು ಒತ್ತಿದೆ. ಒಂದೊಂದು ಅಕ್ಷರಕ್ಕೆ ಒಂದೊಂದು ಪ್ಯಾಕೆಟ್ಟು ಬಂತು, ಒಳಗೆ m, y, s ಬಯಲಲ್ಲಿ ಒಣಹಾಕಿದ ಸಂಡಿಗೆಯ ಹಾಗೆ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಬ್ಯಾಂಕಿನ ಪುಟ ಎಷ್ಟೇ ಭದ್ರವಿರಲಿ, ಆ ಭದ್ರತೆ ಶುರುವಾಗುವುದು ಲ್ಯಾಪ್‌ಟಾಪಿನ ಬ್ರೌಸರಿನಿಂದ. ಫೋನಿನಿಂದ ಲ್ಯಾಪ್‌ಟಾಪಿನವರೆಗಿನ ಹತ್ತು ಅಡಿಗೆ ಅದು ಅನ್ವಯಿಸುವುದಿಲ್ಲ. ವೈಫೈಗೇ ಪಾಸ್‌ವರ್ಡ್ ಇದೆಯಲ್ಲ ಎಂದರೆ, ಎಲ್ಲರಿಗೂ ಒಂದೇ ಪಾಸ್‌ವರ್ಡ್ ಹಂಚಿರುವ ಹಳೆಯ ಡಬ್ಲ್ಯೂಪಿಎ2 ವೈಫೈನಲ್ಲಿ, ಅದನ್ನು ಬಲ್ಲವನು ಸರಿಯಾದ ಹೊತ್ತಿಗೆ ಹೊಂಚಿ ಕೂತರೆ ಇನ್ನೊಬ್ಬರ ಪ್ಯಾಕೆಟ್ಟುಗಳನ್ನು ಬಿಡಿಸಿ ಓದಬಲ್ಲ. ಪಾಸ್‌ವರ್ಡೇ ಇಲ್ಲದ ವೈಫೈಯಲ್ಲಂತೂ ಅಷ್ಟು ಕಷ್ಟವೂ ಬೇಡ.

ಇದು ನನ್ನ ಆ್ಯಪಿನದೊಂದೇ ಕಥೆಯಲ್ಲ. 2022ರ ಕೊನೆಯಲ್ಲಿ ಸಿನಾಪ್ಸಿಸ್ ಸಂಸ್ಥೆಯ ಭದ್ರತಾ ಸಂಶೋಧಕರು ಇಂಥವೇ ಮೂರು ಆಂಡ್ರಾಯ್ಡ್ ಆ್ಯಪುಗಳ ದೋಷಗಳನ್ನು ಬಹಿರಂಗಪಡಿಸಿದ್ದರು. ನನ್ನದು ಆ ಮೂರರಲ್ಲಿಲ್ಲ, ಆದರೆ ರೋಗ ಅದೇ: ಗುರುತು ಪರೀಕ್ಷೆ ಇಲ್ಲ ಅಥವಾ ನೆಪಮಾತ್ರಕ್ಕಿದೆ, ಒತ್ತಿದ ಕೀಗಳು ಬಯಲಲ್ಲಿ ಹರಿಯುತ್ತವೆ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಂಥದ್ದು ಕೂತಿದೆಯೇ ಎಂದು ತಿಳಿಯಲು ನಾನು ಮಾಡಿದ್ದನ್ನೇ ಮಾಡಿ, ಇನ್ನೊಂದು ಫೋನಿಗೆ ಅದೇ ಆ್ಯಪ್ ಹಾಕಿ ನೋಡಿ. ಎಂದೋ ಹಾಕಿ ಮರೆತದ್ದಾದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಇದನ್ನು ಕೊಡಿ:

```
netstat -ano | findstr LISTENING
```

ಬಾಗಿಲು ತೆರೆದು ಕಾಯುತ್ತಿರುವ ಪ್ರೋಗ್ರಾಮುಗಳ ಪಟ್ಟಿ ಬರುತ್ತದೆ. ವಿಳಾಸ `127.0.0.1` ಎಂದಿದ್ದರೆ ಅದು ಮನೆಯೊಳಗಿನ ಮಾತು, ಹೊರಗಿನವರಿಗೆ ಕೇಳಿಸದು. `0.0.0.0` ಎಂದಿದ್ದರೆ ಎಲ್ಲ ನೆಟ್‌ವರ್ಕಿಗೂ ಕಿವಿಗೊಟ್ಟಿದೆ. ವಿಂಡೋಸಿನದೇ ಕೆಲವು ಹಾಗಿರುತ್ತವೆ, ಗಾಬರಿ ಬೇಡ. ಸಾಲಿನ ಕೊನೆಯ ಸಂಖ್ಯೆ ಆ ಪ್ರೋಗ್ರಾಮಿನದು. ನನ್ನಲ್ಲಿ 6120 ಇತ್ತು, ಅದರ ಹೆಸರು ಕೇಳಿದ್ದು ಹೀಗೆ:

```
tasklist /fi "PID eq 6120"
```

ಅದೇ. ವಾರದಿಂದ ನಾನು ಮುಟ್ಟಿರಲಿಲ್ಲ, ಆದರೂ ಪ್ರತಿ ಸಲ ಲ್ಯಾಪ್‌ಟಾಪ್ ಆನ್ ಆದಾಗ ತಾನೂ ಎದ್ದು ಕೂರುತ್ತಿತ್ತು. ಕಿತ್ತುಹಾಕಿದೆ. ಕಿತ್ತ ಮೇಲೂ ಫೈರ್‌ವಾಲಿನ ಅನುಮತಿ ಹಾಗೇ ಉಳಿದಿತ್ತು. `wf.msc` ತೆರೆದು `Inbound Rules` ಪಟ್ಟಿಯಲ್ಲಿ ಆ ಹೆಸರಿನ ಸಾಲುಗಳನ್ನು ಅಳಿಸಬೇಕಾಯಿತು. ಪೋರ್ಟಲ್, ಮೇಲ್, ಬ್ಯಾಂಕು, ಎಲ್ಲದರ ಪಾಸ್‌ವರ್ಡ್ ಬದಲಿಸಿದೆ. ತುಂಬಿದ ಅಂಕಗಳನ್ನು ಕಾಗದದ ಪ್ರತಿಯ ಜೊತೆ ಒಂದೊಂದಾಗಿ ತಾಳೆ ನೋಡಿದೆ. ಎಲ್ಲ ಸರಿಯಿತ್ತು, ಪುಣ್ಯ.

ಈಗ ಕ್ಲಾಸಿಗೆ ಯುಎಸ್‌ಬಿ ರಿಸೀವರಿನ ಮಾಮೂಲಿ ಕ್ಲಿಕ್ಕರ್ ಒಯ್ಯುತ್ತೇನೆ. ಅದು ಕಳಿಸುವುದು ಪೇಜ್ ಅಪ್, ಪೇಜ್ ಡೌನ್ ಥರದ ನಾಲ್ಕಾರು ಕೀ ಅಷ್ಟೇ. ಇಂಥ ರಿಸೀವರುಗಳಲ್ಲೂ ತೂತಿದ್ದದ್ದುಂಟು (2016ರಲ್ಲಿ ಮೌಸ್‌ಜಾಕ್ ಎಂದು ಹೆಸರಾದ ದೋಷ), ಹಾಗಾಗಿ ಕ್ಲಾಸು ಮುಗಿದೊಡನೆ ರಿಸೀವರ್ ಕಿತ್ತು ಪರ್ಸಿಗೆ ಹಾಕುವುದು ರೂಢಿಯಾಗಿದೆ.

ಫೋನೇ ಬೇಕೆನ್ನುವವರಿಗೆ ಬ್ಲೂಟೂತ್ ದಾರಿಯಿದೆ. ಆಂಡ್ರಾಯ್ಡ್ 9ರಿಂದೀಚೆಗೆ ಫೋನು ತಾನೇ ಬ್ಲೂಟೂತ್ ಕೀಬೋರ್ಡಿನಂತೆ ನಡೆದುಕೊಳ್ಳಬಲ್ಲದು, ಲ್ಯಾಪ್‌ಟಾಪಿಗೆ ಏನನ್ನೂ ಹಾಕಬೇಕಿಲ್ಲ. ಎರಡೂ ಪರದೆಯಲ್ಲಿ ಒಂದೇ ಆರಂಕಿ ಬಂದು, ನೀವು ಒಪ್ಪಿದ ಮೇಲೇ ಜೋಡಿಯಾಗುತ್ತದೆ. ಆದರೆ ಕೆಲವು ಫೋನುಗಳಲ್ಲಿ ತಯಾರಕರೇ ಈ ಸೌಲಭ್ಯ ತೆಗೆದಿರುತ್ತಾರೆ. ಕನ್ನಡವೂ ಹೋಗುವುದಿಲ್ಲ, ಏಕೆಂದರೆ ಬ್ಲೂಟೂತ್ ಕೀಬೋರ್ಡು ಕಳಿಸುವುದು ಅಕ್ಷರವನ್ನಲ್ಲ, ಇಂತಿಷ್ಟನೇ ಕೀ ಒತ್ತಿದರು ಎಂಬ ಸಂಖ್ಯೆಯನ್ನು. ಫೋನಿನಲ್ಲಿ ಮಾತಾಡಿ ಮೂಡಿಸಿದ "ಕ್ಷ"ಗೆ ಅಂಥ ಸಂಖ್ಯೆಯೇ ಇಲ್ಲ. ಕನ್ನಡಕ್ಕೆ ನಾನು ಕೆಡಿಇ ಕನೆಕ್ಟ್ ಎಂಬ ಬೇರೆ ಆ್ಯಪ್ ಹಿಡಿದಿದ್ದೇನೆ. ಇದೂ ವೈಫೈ ಮೇಲೆಯೇ ನಡೆಯುತ್ತದೆ, ಆದರೆ ಎರಡೂ ಕಡೆ ಒಪ್ಪಿ ಜೋಡಿ ಮಾಡದೆ ಒಳಗೆ ಬಿಡುವುದಿಲ್ಲ, ಮಾತೆಲ್ಲ ಗೂಢಲಿಪಿಯಲ್ಲಿ. ಫೋನಿನಲ್ಲಿ ಹೇಳಿ ಬರೆಸಿದ ಪ್ಯಾರಾ ಕಾಪಿ ಮಾಡಿ ಕ್ಲಿಪ್‌ಬೋರ್ಡ್ ಕಳಿಸಿದರೆ ಲ್ಯಾಪ್‌ಟಾಪಿನಲ್ಲಿ ಪೇಸ್ಟ್ ಆಗುತ್ತದೆ. ಹಳೆಯದರಷ್ಟು ಸಲೀಸಲ್ಲ, ನಿಜ. ಕಾಲೇಜಿನ ವೈಫೈ ಕೆಲವು ಕಡೆ ಒಂದು ಸಾಧನ ಇನ್ನೊಂದನ್ನು ಕಾಣದಂತೆ ತಡೆದಿರುತ್ತದೆ. ಆಗ ನನ್ನದೇ ಫೋನಿನ ಹಾಟ್‌ಸ್ಪಾಟ್ ಹಾಕಿಕೊಳ್ಳುತ್ತೇನೆ, ಅಲ್ಲಿ ಹೇಗೂ ಹೊರಗಿನವರಿಲ್ಲ.

ಇದೆಲ್ಲ ಆಗಿ ಹದಿನೈದು ದಿನಕ್ಕೆ ಕಾರಿಡಾರಿನಲ್ಲಿ ಅದೇ ಹುಡುಗ ಎದುರಾದ.

"ಮೇಡಂ, ನಿಮ್ದು ತೆಗೆದ್ಬಿಟ್ರಿ ಅಲ್ವಾ? ಲಿಸ್ಟಲ್ಲಿ ಬರ್ತಿಲ್ಲ."

"ಇನ್ನೂ ಅದನ್ನ ನೋಡ್ತಾ ಇದೀಯೇನೋ?"

"ಸುಮ್ನೆ ನೋಡಿದ್ದು ಮೇಡಂ. ಈಗ ಬೇರೆ ಒಂದು ಬರ್ತಿದೆ." ಫೋನನ್ನು ನನ್ನ ಕಡೆ ತಿರುಗಿಸಿದ. ಪಟ್ಟಿಯಲ್ಲಿ ಒಂದೇ ಹೆಸರಿತ್ತು: `OFFICE-PC2`.

ಫೀಸು, ಟಿಸಿ, ಸ್ಕಾಲರ್‌ಶಿಪ್ಪಿನ ಬ್ಯಾಂಕ್ ಖಾತೆಗಳು ಎಲ್ಲ ಇರುವ ಕಂಪ್ಯೂಟರ್ ಅದು. ಅವನಿಗೆ ಅದನ್ನು ಮುಟ್ಟಬೇಡವೆಂದು ಹೇಳಿ ನೇರ ಆಫೀಸಿಗೆ ನಡೆದೆ.