ಸ್ಥಿರ ಆದ್ಯತೆಯೋ, ಸರದಿಯೋ: ಮೂರು ರಿಕ್ವೆಸ್ಟರ್‌ಗಳ ಆರ್ಬಿಟರ್ ಬ್ಲಾಕ್‌ನ ದೀರ್ಘಕಾಲದ ಬಳಕೆಯ ವಿಮರ್ಶೆ

ಒಂದೇ ಮೆಮೊರಿ ಪೋರ್ಟನ್ನು ಡಿಸ್‌ಪ್ಲೇ ಘಟಕ, ಡಿಎಂಎ ಮತ್ತು ಪ್ರೊಸೆಸರ್ ಹಂಚಿಕೊಳ್ಳುವ ವಿನ್ಯಾಸಗಳಲ್ಲಿ ನಾನು ಹಲವು ವರ್ಷಗಳಿಂದ ಒಂದು ಸಿದ್ಧ ಆರ್ಬಿಟರ್ ಬ್ಲಾಕನ್ನು ಬಳಸುತ್ತಿದ್ದೇನೆ. ಒಂದು ಪ್ಯಾರಾಮೀಟರ್ ಬದಲಿಸಿದರೆ ಅದು ಸ್ಥಿರ ಆದ್ಯತೆಯಲ್ಲೋ ರೌಂಡ್ ರಾಬಿನ್ ಕ್ರಮದಲ್ಲೋ ಕೆಲಸ ಮಾಡುತ್ತದೆ. ಎರಡನ್ನೂ ಸಾಕಷ್ಟು ಓಡಿಸಿ ನೋಡಿದ ಮೇಲೆ, ಯಾವುದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸ್ಥಿರ ಆದ್ಯತೆಯ ಬಗ್ಗೆ ಹೇಳಬೇಕಾದದ್ದು ಕಡಿಮೆ. ಅದಕ್ಕೆ ನೆನಪಿಲ್ಲ, ಫ್ಲಿಪ್‌ಫ್ಲಾಪ್ ಇಲ್ಲದ ಬರೀ ಕಾಂಬಿನೇಷನಲ್ ಸರ್ಕ್ಯೂಟ್ ಅದು. ಡಿಸ್‌ಪ್ಲೇಯನ್ನು 0, ಡಿಎಂಎಯನ್ನು 1, ಪ್ರೊಸೆಸರನ್ನು 2 ಎಂದು ಎಣಿಸಿ, 0ನೇ ರಿಕ್ವೆಸ್ಟರ್‌ಗೆ ಮೊದಲ ಸ್ಥಾನ ಎಂದಿಟ್ಟುಕೊಂಡರೆ, ಎಂಟು ಸಾಲಿನ ಸತ್ಯ ಕೋಷ್ಟಕ ನಾಲ್ಕೇ ಸಾಲಿಗೆ ಇಳಿಯುತ್ತದೆ. ಇಲ್ಲಿ R ಎಂದರೆ ರಿಕ್ವೆಸ್ಟ್, G ಎಂದರೆ ಗ್ರಾಂಟ್, x ಎಂದರೆ 0 ಅಥವಾ 1, ಯಾವುದಾದರೂ ಸರಿ.

| R2 | R1 | R0 | G2 | G1 | G0 |
|---|---|---|---|---|---|
| 0 | 0 | 0 | 0 | 0 | 0 |
| x | x | 1 | 0 | 0 | 1 |
| x | 1 | 0 | 0 | 1 | 0 |
| 1 | 0 | 0 | 1 | 0 | 0 |

ಕೊನೆಯ ಸಾಲನ್ನು ಗಮನಿಸಿ: ಉಳಿದಿಬ್ಬರೂ ಒಂದೇ ಕ್ಲಾಕ್‌ನಲ್ಲಿ ಸುಮ್ಮನಿದ್ದಾಗ ಮಾತ್ರ 2ನೆಯವನಿಗೆ ಗ್ರಾಂಟ್ ಸಿಗುತ್ತದೆ. ಇದರ ಪರಿಣಾಮ ಮೇಲ್ನೋಟಕ್ಕೆ ತೋರುವುದಕ್ಕಿಂತ ಕಠಿಣವಾದದ್ದು. R0 ಒಂದು ಕ್ಲಾಕ್ ಬಿಟ್ಟು ಒಂದು ಕ್ಲಾಕ್ ಕೇಳುತ್ತಿದೆ, R1 ಸದಾ ಕೇಳುತ್ತಿದೆ ಎಂದುಕೊಳ್ಳೋಣ. ಆಗ ಗ್ರಾಂಟ್‌ಗಳು G0, G1, G0, G1 ಎಂದು ಸಾಗುತ್ತವೆ. 0ನೆಯವನು ಅರ್ಧ ಸಮಯವನ್ನಷ್ಟೇ ಬಳಸುತ್ತಿದ್ದರೂ, ಉಳಿದರ್ಧವನ್ನು 1ನೆಯವನು ನುಂಗಿಬಿಡುವುದರಿಂದ 2ನೆಯವನ ಸರದಿ ಬರುವುದೇ ಇಲ್ಲ. ಯಾವ ಎರರ್ ಸಿಗ್ನಲ್ಲೂ ಏಳುವುದಿಲ್ಲ, ಬಸ್ ಪೂರ್ತಿ ಚುರುಕಾಗಿಯೇ ಕಾಣುತ್ತದೆ. ಪ್ರೊಸೆಸರ್ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಹೀಗಾಗಿ ಪ್ರತಿ ರಿಕ್ವೆಸ್ಟರ್‌ಗೂ, ರಿಕ್ವೆಸ್ಟ್ 1 ಇದ್ದು ಗ್ರಾಂಟ್ 0 ಇರುವ ಕ್ಲಾಕ್‌ಗಳನ್ನು ಎಣಿಸುವ ಒಂದು ಸಣ್ಣ ಕೌಂಟರ್ ಇಟ್ಟುಕೊಳ್ಳುವುದು ಒಳ್ಳೆಯದು. ಹಸಿವನ್ನು ನೇರವಾಗಿ ತೋರಿಸುವ ಸಾಧನ ಅದೊಂದೇ.

ರೌಂಡ್ ರಾಬಿನ್ ಕ್ರಮಕ್ಕೆ ನೆನಪು ಬೇಕು, ಆದರೆ ಬಹಳವಲ್ಲ. ಮುಂದಿನ ಹಂಚಿಕೆಯಲ್ಲಿ ಯಾರನ್ನು ಮೊದಲು ವಿಚಾರಿಸಬೇಕು ಎಂಬುದೇ ಅದರ ಸ್ಟೇಟ್. S0ದಲ್ಲಿ ವಿಚಾರಣೆಯ ಕ್ರಮ 0, 1, 2. S1ರಲ್ಲಿ 1, 2, 0. S2ರಲ್ಲಿ 2, 0, 1. ರಿಕ್ವೆಸ್ಟ್‌ಗಳನ್ನು R2 R1 R0 ಕ್ರಮದಲ್ಲಿ ಬರೆದರೆ ಪೂರ್ಣ ಕೋಷ್ಟಕ ಹೀಗಿರುತ್ತದೆ.

| ಈಗಿನ ಸ್ಟೇಟ್ | ರಿಕ್ವೆಸ್ಟ್ | ಗ್ರಾಂಟ್ | ಮುಂದಿನ ಸ್ಟೇಟ್ |
|---|---|---|---|
| S0 | xx1 | G0 | S1 |
| S0 | x10 | G1 | S2 |
| S0 | 100 | G2 | S0 |
| S1 | x1x | G1 | S2 |
| S1 | 10x | G2 | S0 |
| S1 | 001 | G0 | S1 |
| S2 | 1xx | G2 | S0 |
| S2 | 0x1 | G0 | S1 |
| S2 | 010 | G1 | S2 |
| ಯಾವುದೇ | 000 | ಇಲ್ಲ | ಅದೇ ಸ್ಟೇಟ್ |

ಮುಂದಿನ ಸ್ಟೇಟನ್ನು ನಿರ್ಧರಿಸುವುದು ಈಗಿನ ಸ್ಟೇಟ್ ಅಲ್ಲ, ಕೊಟ್ಟ ಗ್ರಾಂಟ್. G0 ಕೊಟ್ಟಿದ್ದರೆ ಎಲ್ಲಿಂದ ಹೊರಟರೂ S1ಕ್ಕೇ ಹೋಗುತ್ತೇವೆ. ಈ ಒಂದು ಗುಣವನ್ನು ಕಡೆಗಣಿಸಿದ ಆರ್ಬಿಟರ್‌ಗಳೂ ರೌಂಡ್ ರಾಬಿನ್ ಎಂಬ ಹೆಸರಿನಲ್ಲೇ ಚಲಾವಣೆಯಲ್ಲಿವೆ. ಈ ಬ್ಲಾಕ್‌ನ ಹಳೆಯ ಆವೃತ್ತಿಯೂ ಅಂಥದ್ದೇ ಆಗಿತ್ತು. ಅದರಲ್ಲಿ ಪಾಯಿಂಟರ್ ಯಾರಿಗೆ ಗ್ರಾಂಟ್ ಸಿಕ್ಕಿತೆಂದು ನೋಡದೆ ಪ್ರತಿ ಕ್ಲಾಕ್‌ಗೂ ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ಮೂವರೂ ಸತತವಾಗಿ ಕೇಳುತ್ತಿದ್ದರೆ ಹಂಚಿಕೆ ಸಮವಾಗಿಯೇ ಇರುವುದರಿಂದ ಸಾಮಾನ್ಯ ಪರೀಕ್ಷೆಯಲ್ಲಿ ದೋಷ ಕಾಣುವುದಿಲ್ಲ. 2ನೆಯವನು ಸುಮ್ಮನಿದ್ದು 0 ಮತ್ತು 1 ಮಾತ್ರ ಕೇಳುತ್ತಿರಲಿ. ಪಾಯಿಂಟರ್ 0ಯಲ್ಲಿದ್ದಾಗ 0ಗೆ, 1ರಲ್ಲಿದ್ದಾಗ 1ಕ್ಕೆ ಗ್ರಾಂಟ್ ಸಿಗುತ್ತದೆ. 2ರಲ್ಲಿದ್ದಾಗ ಅಲ್ಲಿ ಯಾರೂ ಇಲ್ಲದ ಕಾರಣ ವಿಚಾರಣೆ ಸುತ್ತಿಬಂದು ಮತ್ತೆ 0ಗೇ ಸಿಗುತ್ತದೆ. ಸುಮ್ಮನಿರುವವನ ಪಾಲೆಲ್ಲ ಅವನ ಪಕ್ಕದವನಿಗೆ ಹೋಗಿ, ಹಂಚಿಕೆ ಎರಡಕ್ಕೆ ಒಂದರಂತೆ ವಾಲುತ್ತದೆ. ಯಾವುದೇ ಆರ್ಬಿಟರನ್ನು ಪರಿಶೀಲಿಸುವಾಗ ಒಬ್ಬನನ್ನು ಸುಮ್ಮನಿರಿಸಿ, ಉಳಿದಿಬ್ಬರ ಗ್ರಾಂಟ್‌ಗಳನ್ನು ಎಣಿಸಬೇಕು. ಎಣಿಕೆ ಸಮವಾಗಿಲ್ಲದಿದ್ದರೆ ಒಳಗೆ ಇಂಥ ಪಾಯಿಂಟರ್ ಇದೆಯೇ ಎಂದು ಮೊದಲು ನೋಡಿ.

ಈಗಿನ ಆವೃತ್ತಿ ಮೇಲಿನ ಕೋಷ್ಟಕವನ್ನು ಮಾಸ್ಕ್ ಮೂಲಕ ಸಾಧಿಸುತ್ತದೆ. ಅದರ ಹೃದಯ ಭಾಗ ಇಷ್ಟೇ:

```verilog
assign req_m = req & mask;
assign sel   = (req_m != 3'b000) ? req_m : req;
assign gnt   = sel & (~sel + 3'd1);

always @(posedge clk)
  if (rst)
    mask <= 3'b111;
  else if (gnt != 3'b000 && done)
    mask <= ~(gnt | (gnt - 3'd1));
```

ಮೂರನೆಯ ಸಾಲು ಅತ್ಯಂತ ಕೆಳಗಿನ 1 ಬಿಟ್ ಒಂದನ್ನೇ ಉಳಿಸುತ್ತದೆ, ಅಂದರೆ ಅದು ಮೊದಲ ಕೋಷ್ಟಕದ ಸ್ಥಿರ ಆದ್ಯತೆಯೇ. ಮಾಸ್ಕ್ 110 ಇದ್ದರೆ S1, 100 ಇದ್ದರೆ S2. 111 ಮತ್ತು 000 ಎರಡೂ S0ದಂತೆಯೇ ವರ್ತಿಸುತ್ತವೆ. ಮೊದಲ ಬಾರಿ ವೇವ್‌ಫಾರ್ಮ್ ನೋಡುವವರು 000 ಕಂಡು ಗಾಬರಿಪಡಬೇಕಿಲ್ಲ. ಆದರೆ `gnt != 3'b000` ಎಂಬ ಷರತ್ತನ್ನು ಅನಗತ್ಯವೆಂದು ಯಾರೂ ತೆಗೆಯಬಾರದು. `gnt` ಸೊನ್ನೆಯಾದಾಗ `gnt - 1` ಎಂಬುದು 111 ಆಗುತ್ತದೆ, ಮಾಸ್ಕ್ 000ಕ್ಕೆ ಇಳಿಯುತ್ತದೆ, ಹೀಗೆ ಪ್ರತಿ ವಿರಾಮದ ನಂತರವೂ 0ನೆಯವನಿಗೇ ಮೊದಲ ಮಣೆ ಸಿಗುತ್ತದೆ. `done` ಎಂಬುದು ವರ್ಗಾವಣೆ ಮುಗಿದ ಸೂಚನೆ; ಮೆಮೊರಿ ಸಿದ್ಧವಿಲ್ಲದ ಕ್ಲಾಕ್‌ನಲ್ಲೂ ಮಾಸ್ಕ್ ಬದಲಾದರೆ ಪಾಪದ ರಿಕ್ವೆಸ್ಟರ್ ಡೇಟಾ ಪಡೆಯದೆಯೇ ತನ್ನ ಸರದಿ ಕಳೆದುಕೊಳ್ಳುತ್ತಾನೆ. ಬರ್ಸ್ಟ್ ನಡುವೆ ಗ್ರಾಂಟ್ ಕೈಬದಲಾಗದಂತೆ ತಡೆಯುವ ಲಾಕ್ ಪ್ರತ್ಯೇಕವಾಗಿದ್ದು, ಎರಡೂ ಕ್ರಮಗಳಲ್ಲಿ ಅದನ್ನು ಬಳಸಲೇಬೇಕು.

ಇಷ್ಟಾದ ಮೇಲೂ ಎಲ್ಲೆಡೆ ರೌಂಡ್ ರಾಬಿನ್ ಹಾಕಿಬಿಡುವುದನ್ನು ನಾನು ಒಪ್ಪುವುದಿಲ್ಲ. ಪ್ರತಿಯೊಬ್ಬರ ಬರ್ಸ್ಟ್ 8 ಕ್ಲಾಕ್ ಹಿಡಿಯುತ್ತದೆ ಎಂದುಕೊಳ್ಳಿ. ಡಿಸ್‌ಪ್ಲೇ ನಾಲ್ಕು ಕ್ಲಾಕ್‌ಗೆ ಒಂದು ವರ್ಡ್ ಖರ್ಚುಮಾಡುತ್ತದೆ ಮತ್ತು ತನ್ನ ಫೈಫೋದಲ್ಲಿ 3 ವರ್ಡ್ ಉಳಿದಾಗ ಮುಂದಿನ ಬರ್ಸ್ಟ್ ಕೇಳುತ್ತದೆ. ಅದಕ್ಕೆ ಬೇಕಾದದ್ದು ಬಸ್‌ನ ಕಾಲು ಭಾಗ, ಸಮಪಾಲಿನಲ್ಲಿ ಸಿಗುವುದು ಮೂರನೆಯ ಒಂದು ಭಾಗ, ಲೆಕ್ಕದಲ್ಲಿ ಕೊರತೆಯಿಲ್ಲ. ಆದರೂ ಡಿಎಂಎ ಬರ್ಸ್ಟ್ ಈಗಷ್ಟೇ ಶುರುವಾದ ಕ್ಷಣದಲ್ಲಿ ಡಿಸ್‌ಪ್ಲೇ ಕೇಳಿದರೆ, ಅದು ಮುಗಿದ ಮೇಲೆ ಸ್ಟೇಟ್ S2 ಆಗಿ ಪ್ರೊಸೆಸರ್‌ನ ಸರದಿ ಬರುತ್ತದೆ. ಡಿಸ್‌ಪ್ಲೇ ಒಟ್ಟು 16 ಕ್ಲಾಕ್ ಕಾಯಬೇಕು, ಕೈಯಲ್ಲಿರುವ ವರ್ಡ್‌ಗಳು 12 ಕ್ಲಾಕ್‌ಗೆ ಮುಗಿಯುತ್ತವೆ, ಪರದೆಯ ಮೇಲೆ ಗೆರೆ ಮೂಡುತ್ತದೆ. ಸ್ಥಿರ ಆದ್ಯತೆಯಲ್ಲಿ ಡಿಸ್‌ಪ್ಲೇಯನ್ನು ಮೇಲಿಟ್ಟರೆ, ನಡೆಯುತ್ತಿರುವ ಒಂದು ಬರ್ಸ್ಟ್ ಮುಗಿಯುವ 8 ಕ್ಲಾಕ್ ಕಾದರೆ ಸಾಕು. ಒಂದು ವರ್ಡ್ ಇನ್ನೂ ಉಳಿದಿರುತ್ತದೆ.

ಆದ್ದರಿಂದ ಇಂಥ ಕಡೆ ನಾನು ಡಿಸ್‌ಪ್ಲೇಗೆ ಸ್ಥಿರವಾಗಿ ಮೊದಲ ಆದ್ಯತೆ ಕೊಟ್ಟು, ಡಿಎಂಎ ಮತ್ತು ಪ್ರೊಸೆಸರ್ ನಡುವೆ ಮಾತ್ರ ಸರದಿ ಇಡುತ್ತೇನೆ. ಡಿಸ್‌ಪ್ಲೇಯ ಬೇಡಿಕೆಗೆ ಅದರ ಪರದೆಯ ವೇಗವೇ ಮಿತಿ ಹಾಕಿರುವುದರಿಂದ ಅದು ಉಳಿದವರನ್ನು ಹಸಿವಿಗೆ ತಳ್ಳಲಾರದು. ಡಿಎಂಎಯನ್ನು ಆ ಸ್ಥಾನದಲ್ಲಿ ಕೂರಿಸುವ ಧೈರ್ಯ ನನಗಿಲ್ಲ. ಅದಕ್ಕೆ ಎಷ್ಟು ಕೊಟ್ಟರೂ ಸಾಲದು.

ಬ್ಲಾಕ್‌ನ ಬಗ್ಗೆ ನನ್ನ ಉಳಿದ ಆಕ್ಷೇಪ ಒಂದೇ. ಅದು ಸರದಿಗಳನ್ನು ಎಣಿಸುತ್ತದೆಯೇ ಹೊರತು ಕ್ಲಾಕ್‌ಗಳನ್ನಲ್ಲ. ಡಿಎಂಎ 16 ಬೀಟ್‌ಗಳ ಬರ್ಸ್ಟ್‌ಗಳನ್ನೂ ಪ್ರೊಸೆಸರ್ ಒಂದೊಂದೇ ಬೀಟನ್ನೂ ಕಳಿಸುತ್ತಿದ್ದರೆ ಗ್ರಾಂಟ್‌ಗಳ ಎಣಿಕೆ ಸಮವಾಗಿದ್ದು, ಬಸ್ ಮಾತ್ರ ಹದಿನಾರಕ್ಕೆ ಒಂದರಂತೆ ಹಂಚಿಹೋಗುತ್ತದೆ. ತೂಕ ನಿಗದಿಪಡಿಸುವ ಸೌಲಭ್ಯ ಇದರಲ್ಲಿಲ್ಲದ ಕಾರಣ, ಡಿಎಂಎ ಬರ್ಸ್ಟ್‌ನ ಉದ್ದವನ್ನು ಡಿಎಂಎ ಘಟಕದಲ್ಲೇ 4 ಬೀಟ್‌ಗೆ ಕಟ್ಟಿಹಾಕಿ ಬಳಸುತ್ತಿದ್ದೇನೆ.