ಸ್ಟಾರ್‌ಡ್ಯೂ ವ್ಯಾಲಿಯಾ, ಅನ್‌ಪ್ಯಾಕಿಂಗಾ, ಟೌನ್‌ಸ್ಕೇಪರಾ?

ಪುಣೆಯ ಹಿಂಜೆವಾಡಿಯ ಐಟಿ ಕೆಲಸದಲ್ಲಿ ಸುಸ್ತಾಗಿ ಬರ್ನ್‌ಔಟ್ ಆದ ನನ್ನ ತಂಗಿ ಈಗ ರಜೆ ಹಾಕಿ ಕೋಥ್ರೂಡ್‌ನಲ್ಲಿ ನಮ್ಮ ಜೊತೆಗಿದ್ದಾಳೆ. ಟೈಮರ್ ಓಡುವ ಆಟ, ಥಟ್ಟನೆ ಬಟನ್ ಒತ್ತಬೇಕಾದ ಆಟ ಅವಳಿಗೆ ಬೇಡ. ಅದಕ್ಕೇ ಲ್ಯಾಪ್‌ಟಾಪ್‌ನಲ್ಲಿ ಈ ಮೂರು ಆಟಗಳನ್ನು ಇಬ್ಬರೂ ಆಡಿ ನೋಡಿದೆವು.

ಮನಸ್ಸಿಗೆ ಹಾಯಾಗಿರುವ ಆಟ ಯಾವುದು ಅಂತ ಕೇಳಿದರೆ ಜಾಸ್ತಿ ಜನ ಹೇಳುವ ಹೆಸರು 2016ರ ಸ್ಟಾರ್‌ಡ್ಯೂ ವ್ಯಾಲಿ. ಹೊಲ, ಕೋಳಿ, ಮಳೆ, ಇಂಪಾದ ಸಂಗೀತ ಎಲ್ಲ ಇದೆ. ಆದರೆ ಪರದೆಯ ಮೂಲೆಯಲ್ಲಿ ಗಡಿಯಾರವೂ ಇದೆ. ಆಟದ ಒಂದು ದಿನ ಬೆಳಗ್ಗೆ ಆರಕ್ಕೆ ಶುರುವಾಗಿ ರಾತ್ರಿ ಎರಡಕ್ಕೆ ಮುಗಿಯುತ್ತದೆ. ನಮ್ಮ ಲೆಕ್ಕದಲ್ಲಿ ಅದು ಸುಮಾರು 14 ನಿಮಿಷ. ಎರಡರೊಳಗೆ ಮಲಗದಿದ್ದರೆ ನಿಮ್ಮ ಪಾತ್ರ ಕುಸಿದು ಬೀಳುತ್ತದೆ. 28 ದಿನಕ್ಕೆ ಋತು ಬದಲಾಗುತ್ತದೆ, ಆ ಋತುವಿನ ಬೆಳೆ ಹೆಚ್ಚಿನದು ಒಣಗಿ ಹೋಗುತ್ತದೆ. ಮೀನು ಹಿಡಿಯುವುದಂತೂ ಪೂರ್ತಿ ಕೈಚಳಕದ ಕೆಲಸ. "ಅಣ್ಣಾ, ಕತ್ತಲಾಗ್ತಾ ಬಂತು, ಇನ್ನೂ ಅರ್ಧ ಹೊಲಕ್ಕೆ ನೀರು ಹಾಕಿಲ್ಲ" ಅಂದಳು ತಂಗಿ. ಆಫೀಸಿನ ಡೆಡ್‌ಲೈನ್ ಹತ್ತಿರ ಬಂದಾಗಿನದ್ದೇ ದನಿ. ಮೆನು ತೆರೆದರೆ ಗಡಿಯಾರ ನಿಲ್ಲುತ್ತದೆ, ನಿಜ. ಆದರೆ ಪಿಸಿಯಲ್ಲಿ ಆಟ ಸೇವ್ ಆಗುವುದು ಪಾತ್ರ ಮಲಗಿದಾಗ ಮಾತ್ರ. ನಡುವೆ ಮುಚ್ಚಿದರೆ ಆ ದಿನದ ಕೆಲಸ ಹೋಯಿತು. ಸುಸ್ತಾದವರಿಗೆ ಬೇಕೆಂದಾಗ ಎದ್ದುಹೋಗುವ ಸ್ವಾತಂತ್ರ್ಯ ಬೇಕು, ಅಲ್ವಾ?

ಅದು ಸಿಕ್ಕಿದ್ದು 2021ರ ಅನ್‌ಪ್ಯಾಕಿಂಗ್‌ನಲ್ಲಿ. ಒಬ್ಬ ಹುಡುಗಿ 1997ರಿಂದ 2018ರವರೆಗೆ ಮನೆ ಬದಲಾಯಿಸುತ್ತಾ ಹೋಗುತ್ತಾಳೆ. ನಾವು ಡಬ್ಬ ತೆರೆದು ಒಂದೊಂದೇ ಸಾಮಾನು ತೆಗೆದು ಜೋಡಿಸಬೇಕು. ಟೈಮರ್ ಇಲ್ಲ, ಅಂಕ ಇಲ್ಲ. ಎಲ್ಲ ತೆಗೆದ ಮೇಲೆ ತಪ್ಪು ಜಾಗದಲ್ಲಿರುವ ವಸ್ತುವಿನ ಸುತ್ತ ಕೆಂಪು ಗೆರೆ ಬರುತ್ತದೆ. ಅದೂ ಕಿರಿಕಿರಿ ಅನ್ನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಏನನ್ನು ಎಲ್ಲಿ ಬೇಕಾದರೂ ಇಡುವ ಆಯ್ಕೆ ಇದೆ. ನಾವು ಮೊದಲೇ ಅದನ್ನು ಹಾಕಿಕೊಂಡೆವು. ತಂಗಿ ಟೂತ್‌ಬ್ರಷ್ ಒಂದನ್ನೇ ಲೋಟದಲ್ಲಿ, ಸಿಂಕ್ ಪಕ್ಕ, ಮತ್ತೆ ಕಪಾಟಿನಲ್ಲಿ ಅಂತ ಇಟ್ಟು ನೋಡುತ್ತಾ ಕೂತಳು. ಯಾರೂ ಅವಸರ ಮಾಡಲಿಲ್ಲ. 2010ರ ಮನೆಯ ಬಗ್ಗೆ ಮಾತ್ರ ಆಡುವವರಿಗೆ ಮೊದಲೇ ಹೇಳಿಬಿಡಿ: ಹುಡುಗಿ ಪ್ರಿಯಕರನ ಮನೆಗೆ ಹೋಗುತ್ತಾಳೆ, ಅವಳ ಸಾಮಾನಿಗೆ ಅಲ್ಲಿ ಜಾಗವೇ ಇಲ್ಲ. ಸೂಕ್ಷ್ಮ ಮನಸ್ಥಿತಿಯಲ್ಲಿರುವವರಿಗೆ ಅದು ನೋಯಬಹುದು. ಇನ್ನೊಂದು ಕೊರತೆ, ಆಟ ಕೆಲವೇ ಗಂಟೆಗಳಲ್ಲಿ ಮುಗಿದುಹೋಗುತ್ತದೆ.

ಟೌನ್‌ಸ್ಕೇಪರ್‌ನಲ್ಲಿ ಗುರಿಯೇ ಇಲ್ಲ. ನೀರಿನ ಮೇಲೆ ಕ್ಲಿಕ್ ಮಾಡಿದರೆ ಪ್ಲಕ್ ಅಂತ ನೆಲ ಏಳುತ್ತದೆ, ಅದರ ಮೇಲೆ ಮತ್ತೆ ಕ್ಲಿಕ್ ಮಾಡಿದರೆ ಬಣ್ಣದ ಮನೆ, ಬೇಡವಾದರೆ ತೆಗೆಯಬಹುದು. ಮನೆಗಳ ನಡುವೆ ಬರೀ ನೆಲ ಬಿಟ್ಟು ಸುತ್ತ ಮುಚ್ಚಿದರೆ ಒಳಗೆ ತೋಟ ತಾನಾಗಿ ಮೂಡುತ್ತದೆ. ಆದರೆ ತಲೆ ಖಾಲಿಯಾದ ದಿನ 'ಏನು ಕಟ್ಟಲಿ?' ಅನ್ನುವುದೇ ಭಾರ.

ನನ್ನ ಮಟ್ಟಿಗೆ ಮೊದಲು ಅನ್‌ಪ್ಯಾಕಿಂಗ್, ಆಮೇಲೆ ಐದು ನಿಮಿಷ ಸುಮ್ನೆ ಕೂರುವ ಹೊತ್ತಿಗೆ ಟೌನ್‌ಸ್ಕೇಪರ್. ಸ್ಟಾರ್‌ಡ್ಯೂ ಒಳ್ಳೆಯ ಆಟವೇ, ಆದರೆ ಚೇತರಿಸಿಕೊಂಡ ಮೇಲೆ ಆಡಿ. ಆಗಲೂ ಮೀನಿನ ಗೋಜಿಗೆ ಹೋಗಬೇಡಿ, ಬೆಳೆ ಕಡಿಮೆ ಹಾಕಿ, ನೀರು ಹಾಕಿ ಮುಗಿದ ಕೂಡಲೇ ಮಲಗಿಬಿಡಿ. ಮಧ್ಯಾಹ್ನವೇ ಮಲಗಿದರೂ ಆಟ ಸೇವ್ ಆಗುತ್ತದೆ.