ಬ್ಯಾಂಕ್ ಮುಳುಗುತ್ತದೆ ಅಂತ ಹೆದರಿ ಎಫ್‌ಡಿ ಮುರಿಸಬೇಡಿ: ನನಗಾದದ್ದನ್ನು ಓದಿ

ನಾವು ಗಂಗಾವತಿಯವರು. ಮನೆಯಲ್ಲಿ ಭತ್ತದ ಬೇಸಾಯ, ನಾನು ಶಾಲೆಯಲ್ಲಿ ಟೀಚರ್. ಭತ್ತ ಮಾರಿದ ದುಡ್ಡಿಗೆ ನನ್ನ ಸಂಬಳದಲ್ಲಿ ಉಳಿಸಿದ್ದನ್ನೂ ಸೇರಿಸಿ, ಒಂದು ಬ್ಯಾಂಕಿನಲ್ಲಿ 4 ಲಕ್ಷ ಎಫ್‌ಡಿ ಇಟ್ಟಿದ್ದೆ. 2023ರ ಮಾರ್ಚ್‌ನಲ್ಲಿ ಅದನ್ನು ಮುರಿಸಿ ಬಂಗಾರ ತಗೊಂಡೆ. ಏಳು ತಿಂಗಳಲ್ಲಿ 77 ಸಾವಿರ ಕಳೆದುಕೊಂಡೆ. ನನ್ನ ಬ್ಯಾಂಕಿಗೆ ಅವತ್ತೂ ಏನೂ ಆಗಲಿಲ್ಲ, ಇವತ್ತಿಗೂ ಏನೂ ಆಗಿಲ್ಲ.

ಮಾರ್ಚ್ 10ಕ್ಕೆ ಅಮೆರಿಕದಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಚ್ಚಿತು. ಎರಡು ದಿನಕ್ಕೆ ಸಿಗ್ನೇಚರ್ ಬ್ಯಾಂಕ್ ಹೋಯಿತು. 19ರಂದು ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವಿಸ್ ಬ್ಯಾಂಕನ್ನು ಅಲ್ಲಿನದೇ ಇನ್ನೊಂದು ಬ್ಯಾಂಕ್ ಯುಬಿಎಸ್ ಕೊಳ್ಳುತ್ತದೆ ಅನ್ನುವ ಸುದ್ದಿ ಬಂತು. ಮನೆಯ ವಾಟ್ಸಾಪ್ ಗುಂಪಿನಲ್ಲಿ ದಿನಾ ಇದೇ ಮಾತು. ಮೈದುನ ಫೋನ್ ಮಾಡಿ, "ವೈನಿ, ಅಲ್ಲಿ ಸಾಲಾಗಿ ಬ್ಯಾಂಕ್ ಮುಳಗಾಕತ್ಯಾವ. ಇಲ್ಲಿಗೂ ಬರ್ತದಂತ. ರೊಕ್ಕ ತಗದು ಬಂಗಾರ ಮಾಡಿಬಿಡ್ರಿ" ಅಂದ. ಅವನೂ ಹೆದರಿಯೇ ಹೇಳಿದ್ದು. ಎರಡು ದಿನಕ್ಕೆ ಯುಗಾದಿ ಬೇರೆ. 20ನೇ ತಾರೀಖು ಸೋಮವಾರ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಎಫ್‌ಡಿ ಮುರಿಸಿದೆ. ಅವಧಿಗೆ ಮುಂಚೆ ಮುರಿಸಿದ್ದಕ್ಕೆ ಬಡ್ಡಿಯಲ್ಲಿ ಶೇಕಡಾ 1 ಕಡಿತ. ಮಧ್ಯಾಹ್ನದ ಹೊತ್ತಿಗೆ ಬಂಗಾರದ ಅಂಗಡಿಯಲ್ಲಿದ್ದೆ.

ಅಂಗಡಿ ತುಂಬ ಜನ. ಅವತ್ತು 24 ಕ್ಯಾರೆಟ್ 10 ಗ್ರಾಂಗೆ 60 ಸಾವಿರದ ಹತ್ತಿರ ಇತ್ತು. ತಿಂಗಳ ಮೊದಲಲ್ಲಿ 55–56 ಸಾವಿರ ಇದ್ದದ್ದು. "ಅಕ್ಕಾರ, ಇವತ್ತ ತಗೊಂಡ್ರ ಪಾಡು, ನಾಳಿ ಇನ್ನೂ ಏರ್ತದ" ಅಂದರು ಅಂಗಡಿಯವರು. ಹತ್ತು ದಿನದಲ್ಲಿ ಅಷ್ಟು ಏರಿದೆ, ಇನ್ನೂ ಏರುತ್ತದೆ ಅಂತ ನನಗೂ ಅನ್ನಿಸಿತು. ನಿಜವಾಗಿ ಆಗಿದ್ದು ಬೇರೆ. ಹೆದರಿಕೆಯಿಂದ ಏರುವಷ್ಟರಲ್ಲಿ ಬಹುಪಾಲು, ಸುದ್ದಿ ನನ್ನ ಫೋನಿಗೆ ಬರುವ ಹೊತ್ತಿಗೆ ಏರಿ ಮುಗಿದಿತ್ತು.

ಬಿಲ್ ಇಟ್ಟುಕೊಂಡಿದ್ದೇನೆ, ಹಾಗಾಗಿ ಲೆಕ್ಕ ಹೇಳುತ್ತೇನೆ. 22 ಕ್ಯಾರೆಟ್, ಗ್ರಾಂಗೆ 5,530 ರೂಪಾಯಿ. ಒಂದು ಸರ, ನಾಲ್ಕು ಬಳೆ ಸೇರಿ 60 ಗ್ರಾಂ. ಬಂಗಾರಕ್ಕೇ 3,31,800 ಆಯಿತು. ಕೂಲಿ, ವೇಸ್ಟೇಜ್ ಅಂತ ಶೇಕಡಾ 12, ಅಂದರೆ ಸುಮಾರು 39,800. ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಶೇಕಡಾ 3, ಇನ್ನೊಂದು 11,100. ಕೈಯಿಂದ ಹೋದದ್ದು ಹತ್ತಿರಹತ್ತಿರ 3,82,800.

ಅಕ್ಟೋಬರ್ ಮೊದಲ ವಾರ ಅಮ್ಮನ ಮಂಡಿ ಆಪರೇಷನ್ ನಿಗದಿಯಾಯಿತು. ದುಡ್ಡು ತಕ್ಷಣ ಬೇಕಿತ್ತು. ಅದೇ ಒಡವೆ ಅದೇ ಅಂಗಡಿಗೆ ತಗೊಂಡು ಹೋದೆ. ಅವತ್ತು ಗ್ರಾಂಗೆ 5,250. ಕೂಲಿ ವಾಪಸ್ ಬರುವುದಿಲ್ಲ, ಜಿಎಸ್‌ಟಿಯೂ ಬರುವುದಿಲ್ಲ. ಕರಗಿಸುವ ಲೆಕ್ಕ ಅಂತ ಶೇಕಡಾ 3 ಹಿಡಿದುಕೊಂಡರು. ಕೈಗೆ ಬಂದದ್ದು 3,05,550.

ಇಲ್ಲಿ ಸ್ವಲ್ಪ ನಿಂತು ನೋಡಿ. ರೇಟ್ ಇಳಿದದ್ದರಿಂದ ಹೋದದ್ದು ಬರೀ 16,800. ಉಳಿದ 60 ಸಾವಿರ ಹೋದದ್ದು ಕೂಲಿ, ತೆರಿಗೆ, ಕಡಿತದಲ್ಲಿ. ಆ ಒಡವೆ ಮಾರಿ ಹಾಕಿದ ದುಡ್ಡಾದರೂ ವಾಪಸ್ ಬರಬೇಕಿದ್ದರೆ ರೇಟ್ ಸುಮಾರು ಶೇಕಡಾ 19 ಏರಬೇಕಿತ್ತು. ಆದರೆ ಇಡೀ ಬ್ಯಾಂಕ್ ಗಾಬರಿಯಲ್ಲಿ ಬಂಗಾರ ಏರಿದ್ದು ಶೇಕಡಾ 10–11ರ ಆಸುಪಾಸು. ಮೊದಲ ದಿನವೇ ಕೊಂಡು, ಮೇ ತಿಂಗಳಲ್ಲಿ ರೇಟ್ ತುದಿಗೆ ಹೋದಾಗಲೇ ಮಾರಿದ್ದರೂ, ಒಡವೆ ರೂಪದಲ್ಲಿ ನನಗೆ ನಷ್ಟವೇ. ಇದು ನನಗೆ ಗೊತ್ತಾದದ್ದು ಮಾರಿದ ಮೇಲೆ, ರಾತ್ರಿ ಕೂತು ಲೆಕ್ಕ ಹಾಕಿದಾಗ. ಅವತ್ತು ಬಹಳ ಸಂಕಟ ಆಯಿತು.

ಆಮೇಲೆ ಇದನ್ನು ತಿಳಿದುಕೊಳ್ಳಲೇಬೇಕು ಅಂತ ಓದಿದೆ. ಬಂಗಾರ ಏರಿದ್ದು ಜನ ಅಂಗಡಿ ಮುಂದೆ ಸಾಲು ನಿಂತದ್ದಕ್ಕಲ್ಲ. ಬ್ಯಾಂಕುಗಳು ಬಿದ್ದಾಗ, ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಇನ್ನು ಬಡ್ಡಿ ಏರಿಸಲಾರದು ಅಂತ ಅಲ್ಲಿನ ಮಾರುಕಟ್ಟೆ ಅಂದುಕೊಂಡಿತು. ಅಲ್ಲಿನ ಎರಡು ವರ್ಷದ ಸರ್ಕಾರಿ ಬಾಂಡಿನ ಬಡ್ಡಿ ಕೆಲವೇ ದಿನಗಳಲ್ಲಿ ಶೇಕಡಾ 5ರ ಮೇಲಿಂದ 4ರ ಹತ್ತಿರಕ್ಕೆ ಇಳಿಯಿತು. ಬಡ್ಡಿ ಇಳಿದರೆ ಬಡ್ಡಿ ಕೊಡದ ಬಂಗಾರಕ್ಕೆ ಬೆಲೆ ಬರುತ್ತದೆ. ಒಂದು ಔನ್ಸ್ 1,815 ಡಾಲರಿನ ಆಸುಪಾಸಿನಿಂದ ಮಾರ್ಚ್ 20ಕ್ಕೆ ಒಂದು ಗಳಿಗೆ 2,000 ದಾಟಿತು. ಆದರೆ ಫೆಡರಲ್ ರಿಸರ್ವ್ ಜುಲೈವರೆಗೂ ಬಡ್ಡಿ ಏರಿಸುತ್ತಲೇ ಹೋಯಿತು. ಅಕ್ಟೋಬರ್ ಮೊದಲ ವಾರಕ್ಕೆ ಬಂಗಾರ ಮತ್ತೆ 1,820ರ ಹತ್ತಿರ ಬಂದು ನಿಂತಿತ್ತು. ನಮ್ಮಲ್ಲಿ ಅಷ್ಟು ಇಳಿಯದಿದ್ದದ್ದಕ್ಕೆ ಡಾಲರ್ ಎದುರು ರೂಪಾಯಿ ಸ್ವಲ್ಪ ಸೋತದ್ದೂ ಒಂದು ಕಾರಣ.

ನಮ್ಮ ದೇಶದ ಬ್ಯಾಂಕಿಗೆ ತೊಂದರೆಯಾದರೆ? ಅದಕ್ಕೂ ಬಂಗಾರದ ರೇಟಿಗೂ ನೇರ ಸಂಬಂಧವೇ ಇಲ್ಲ ಅನ್ನಬಹುದು. ನಮ್ಮ ರೇಟ್ ನಿಲ್ಲುವುದು ಹೊರಗಿನ ರೇಟ್, ಡಾಲರ್, ಆಮದು ಸುಂಕದ ಮೇಲೆ. 2020ರ ಮಾರ್ಚ್ 5ಕ್ಕೆ ಯೆಸ್ ಬ್ಯಾಂಕಿನಿಂದ 50 ಸಾವಿರಕ್ಕಿಂತ ಜಾಸ್ತಿ ತೆಗೆಯುವಂತಿಲ್ಲ ಅಂತ ಆದೇಶ ಬಂತು. ಆಗ ಬಂಗಾರ 44 ಸಾವಿರದ ಆಸುಪಾಸು ಇತ್ತು. ಹತ್ತೇ ದಿನದಲ್ಲಿ 40 ಸಾವಿರಕ್ಕಿಂತ ಕೆಳಗೆ ಬಂತು. ಕೊರೊನಾ ಗಾಬರಿಗೆ ಜಗತ್ತಿನಲ್ಲೆಲ್ಲ ಜನ ನಗದಿಗಾಗಿ ಬಂಗಾರವನ್ನೂ ಮಾರುತ್ತಿದ್ದರು. ಯೆಸ್ ಬ್ಯಾಂಕಿನ ಮಿತಿ ಮಾರ್ಚ್ 18ಕ್ಕೆ ತೆಗೆದರು. ಅಲ್ಲಿಂದ ಹೆದರಿ ಓಡಿದವರು ಬಂಗಾರದಲ್ಲಿ ಸಿಕ್ಕಿಕೊಂಡಿದ್ದರು.

"ಇಟ್ಟುಕೊಂಡಿದ್ದರೆ ಇವತ್ತು ಎಷ್ಟಾಗುತ್ತಿತ್ತು ನೋಡು" ಅಂತ ಎಲ್ಲರೂ ಹೇಳುತ್ತಾರೆ. ನಿಜ. 2025ರ ಏಪ್ರಿಲ್‌ನಲ್ಲಿ 10 ಗ್ರಾಂ 1 ಲಕ್ಷ ಮುಟ್ಟಿತು. ಆದರೆ ಆ ಏರಿಕೆಗೆ ಕಾರಣ ಬೇರೆ: ದೇಶದೇಶಗಳ ಕೇಂದ್ರ ಬ್ಯಾಂಕುಗಳು ಬಂಗಾರ ಕೊಂಡದ್ದು, ಸುಂಕದ ಜಗಳ. ವರ್ಷದೊಳಗೆ ಬೇಕಾಗುವ ದುಡ್ಡು ಅಲ್ಲಿಯವರೆಗೆ ಕಾಯುವುದಿಲ್ಲ ಅಲ್ವಾ? ನಾನು ಹಾಕಿದ್ದು ಅಂಥ ದುಡ್ಡು. ಒಡವೆ ಅಡ ಇಟ್ಟು ಸಾಲ ತೆಗೆಯಬಹುದಿತ್ತು, ಅದೂ ಆಗ ಹೊಳೆಯಲಿಲ್ಲ.

ಇನ್ನೊಂದು ವಿಷಯ ಮೊದಲೇ ಕೇಳಿ ತಿಳಿದುಕೊಂಡಿದ್ದರೆ ಬ್ಯಾಂಕಿಗೆ ಹೋಗುತ್ತಲೇ ಇರಲಿಲ್ಲ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಡಿಐಸಿಜಿಸಿ ಅಂತ ಇದೆ. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ, ಅಸಲು ಬಡ್ಡಿ ಎರಡೂ ಸೇರಿ, ವಿಮೆ ಕೊಡುತ್ತದೆ. 2020ರ ಫೆಬ್ರುವರಿಗೆ ಮುಂಚೆ ಅದು 1 ಲಕ್ಷ ಇತ್ತು. ಬೇರೆಬೇರೆ ಶಾಖೆಯಲ್ಲಿ ಇಟ್ಟರೂ ಒಂದೇ ಲೆಕ್ಕ. ರಿಸರ್ವ್ ಬ್ಯಾಂಕ್ ಹಣ ತೆಗೆಯಲು ನಿರ್ಬಂಧ ಹಾಕಿದರೆ, 2021ರ ತಿದ್ದುಪಡಿಯ ಪ್ರಕಾರ 90 ದಿನದೊಳಗೆ ಈ ದುಡ್ಡು ಸಿಗಬೇಕು. ನನ್ನ 4 ಲಕ್ಷ ಪೂರ್ತಿ ಇದರೊಳಗೇ ಇತ್ತು.

ನಮ್ಮ ಕಡೆಯವರಿಗೆ ಇದನ್ನು ಮಾತ್ರ ಒತ್ತಿ ಹೇಳುತ್ತೇನೆ. ಸಹಕಾರಿ ಬ್ಯಾಂಕಿಗೆ ಈ ವಿಮೆ ಇದೆ. ಆದರೆ ಗಂಗಾವತಿ, ಸಿಂಧನೂರು, ಕಾರಟಗಿಯಲ್ಲಿ ಜನ ದುಡ್ಡಿಡುವ ಪತ್ತಿನ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಇಲ್ಲ. ಬೋರ್ಡು, ಪಾಸ್‌ಬುಕ್, ಕೌಂಟರ್ ಎಲ್ಲ ಬ್ಯಾಂಕಿನಂತೆಯೇ ಕಾಣುತ್ತದೆ. ನಾನು ವಿಮೆ ಇದ್ದ ಕಡೆಯಿಂದ ದುಡ್ಡು ತೆಗೆದೆ. ಅದೇ ಹೊತ್ತಿಗೆ ಅತ್ತೆಯವರ ಒಂದೂವರೆ ಲಕ್ಷ ಇಂಥದ್ದೇ ಒಂದು ಸಂಘದಲ್ಲಿತ್ತು, ಅದರ ಬಗ್ಗೆ ನಮ್ಮಲ್ಲಿ ಯಾರೂ ಯೋಚನೆ ಮಾಡಿರಲಿಲ್ಲ. ಕಳೆದ ವರ್ಷ ಅವಧಿ ಮುಗಿದ ದಿನವೇ ಅದನ್ನು ತೆಗೆದು ಬ್ಯಾಂಕಿನ ಎಫ್‌ಡಿಗೆ ಹಾಕಿಸಿದೆವು.